ಸರ್ವೀಸ್ ಬಿಲ್ಲಿನ ಫೋಟೊ ನೋಡಿ ಪಾರ್ಟ್ಸ್, ಲೇಬರ್ ಬಿಡಿಸಿ ಬರೆಯುವುದು ಹೇಗೆ?

ಪ್ರಶ್ನೆ: ನಮ್ಮದು ಹುಬ್ಬಳ್ಳಿಯಲ್ಲಿ ಬೇಕರಿ ಸಾಮಾನಿನ ಸಗಟು ವ್ಯಾಪಾರ. ಅಂಗಡಿಗಳಿಗೆ ಮಾಲು ಮುಟ್ಟಿಸಲು ನಾಲ್ಕು ಸಣ್ಣ ಗೂಡ್ಸ್ ಗಾಡಿಗಳಿವೆ. ಸರ್ವೀಸ್ ಆದಮೇಲೆ ಡ್ರೈವರ್ ಬಿಲ್ಲಿನ ಫೋಟೊ ವಾಟ್ಸ್ಆ್ಯಪ್‌ನಲ್ಲಿ ಕಳಿಸುತ್ತಾನೆ, ನಾನು ಒಟ್ಟು ಮೊತ್ತವನ್ನು ‘ವಾಹನ ರಿಪೇರಿ’ ಎಂದು ಬರೆದುಬಿಡುತ್ತೇನೆ. ಈಗ ಆಡಿಟರು ಪಾರ್ಟ್ಸ್ ಬೇರೆ, ಲೇಬರ್ ಬೇರೆ ತೋರಿಸಿ ಎನ್ನುತ್ತಿದ್ದಾರೆ. ಬಿಲ್ಲಿನಲ್ಲಿ ಎಲ್ಲವೂ ಒಂದೇ ಪಟ್ಟಿಯಲ್ಲಿದೆ, ಕೊನೆಗೆ ಒಂದೇ ಡಿಸ್ಕೌಂಟು, ಒಂದೇ ಜಿಎಸ್‌ಟಿ. ಇದನ್ನು ಹೇಗೆ ಬಿಡಿಸುವುದು?

ಉತ್ತರ: ಸಾಲಿನ ಹೆಸರನ್ನು ಓದುವ ಮೊದಲು ಅದರ ಪಕ್ಕದ ಕೋಡ್ ಓದಿ. ಜಿಎಸ್‌ಟಿ ಬಿಲ್ಲಿನಲ್ಲಿ ವಸ್ತುವಿಗೆ ಎಚ್‌ಎಸ್‌ಎನ್ ಕೋಡ್ ಇರುತ್ತದೆ, ಸೇವೆಗೆ ಎಸ್‌ಎಸಿ ಕೋಡ್ ಇರುತ್ತದೆ. ಎರಡನ್ನೂ ಗ್ಯಾರೇಜಿನವರು ಒಂದೇ ಕಾಲಮ್ಮಿನಲ್ಲಿ ಮುದ್ರಿಸುತ್ತಾರೆ, ಆದರೆ ಗುರುತು ಹಿಡಿಯುವುದು ಸುಲಭ: ಸೇವೆಯ ಕೋಡ್ ಯಾವಾಗಲೂ 99ರಿಂದ ಶುರುವಾಗುತ್ತದೆ. ವಾಹನ ರಿಪೇರಿ ಲೇಬರಿಗೆ ಸಾಮಾನ್ಯವಾಗಿ ಕಾಣುವುದು 998714, ಚಿಕ್ಕ ಗ್ಯಾರೇಜಾದರೆ ಬರೀ 9987. ವಾರ್ಷಿಕ ವಹಿವಾಟು 5 ಕೋಟಿ ರೂಪಾಯಿವರೆಗೆ ಇರುವವರು ನಾಲ್ಕು ಅಂಕಿ ಹಾಕಿದರೆ ಸಾಕು, ಅದಕ್ಕಿಂತ ಹೆಚ್ಚಿದ್ದರೆ ಆರು ಅಂಕಿ ಬೇಕು ಎಂಬ ನಿಯಮದಿಂದ ಈ ವ್ಯತ್ಯಾಸ. ಪಾರ್ಟ್ಸ್ ಕಡೆ ನಿಮ್ಮ ಬಿಲ್ಲುಗಳಲ್ಲಿ ಪದೇಪದೇ ಬರುವವು ಕೆಲವೇ: ವಾಹನದ ಬಿಡಿಭಾಗಕ್ಕೆ 8708, ಎಂಜಿನ್ ಆಯಿಲಿಗೆ 2710, ಫಿಲ್ಟರಿಗೆ 8421, ಬ್ರೇಕ್ ಆಯಿಲಿಗೆ 3819, ಬ್ಯಾಟರಿಗೆ 8507, ಟೈರಿಗೆ 4011.

ತೆರಿಗೆ ದರ ನೋಡಿ ಬಿಡಿಸುವ ಹಳೆಯ ಅಡ್ಡದಾರಿಯನ್ನು ಈಗ ಬಿಟ್ಟುಬಿಡಿ. 2025ರ ಸೆಪ್ಟೆಂಬರ್ 22ಕ್ಕಿಂತ ಮುಂಚೆ 8708ರ ಬಿಡಿಭಾಗಕ್ಕೆ ಶೇ 28, ಲೇಬರಿಗೆ ಶೇ 18 ಇತ್ತು. ಹಾಗಾಗಿ ಲೆಕ್ಕ ಬರೆಯುವವರು ‘28 ಅಂದರೆ ಪಾರ್ಟ್ಸ್, 18 ಅಂದರೆ ಲೇಬರ್’ ಎಂದು ಕಣ್ಣಳತೆಯಲ್ಲೇ ಮುಗಿಸುತ್ತಿದ್ದರು. ಆಗಲೂ ಅದು ಪೂರ್ತಿ ಸರಿಯಿರಲಿಲ್ಲ. ಎಂಜಿನ್ ಆಯಿಲಿಗೂ ಶೇ 18 ಇದ್ದುದರಿಂದ ಆಯಿಲಿನ ದುಡ್ಡೆಲ್ಲ ಲೇಬರಿಗೆ ಹೋಗಿ ಕೂರುತ್ತಿತ್ತು. ಆ ದಿನದಿಂದ ಬಿಡಿಭಾಗಕ್ಕೂ ಶೇ 18 ಆಗಿದೆ, ಆದ್ದರಿಂದ ದರದಿಂದ ಏನೂ ತಿಳಿಯುವುದಿಲ್ಲ. ಹಳೆಯ ವರ್ಷದ ಫೋಟೊಗಳನ್ನೂ ಈಗ ಬಿಡಿಸಿ ಬರೆಯುವುದಿದ್ದರೆ ಅವುಗಳಿಗೂ ಕೋಡನ್ನೇ ಹಿಡಿಯಿರಿ. ಬಿಲ್ಲಿನ ತಾರೀಖು ನೋಡದೆ ಈಗಿನ ದರದಲ್ಲಿ ತೆರಿಗೆ ತಾಳೆ ನೋಡಿದರೆ ಶೇ 28ರ ಸಾಲಿರುವ ಹಳೆಯ ಬಿಲ್ಲು ಎಂದೂ ಕೂಡುವುದಿಲ್ಲ.

ನಿಮ್ಮ ಆಡಿಟರು ಕೇಳುತ್ತಿರುವುದು ಹೊಸದೇನಲ್ಲ. ಸರ್ವೀಸಿನಲ್ಲಿ ವಸ್ತುವಿನ ಬೆಲೆ ಮತ್ತು ಸೇವೆಯ ಬೆಲೆ ಬೇರೆಬೇರೆಯಾಗಿ ತೋರಿಸಿದ್ದರೆ ಅವಕ್ಕೆ ತಂತಮ್ಮ ದರದಲ್ಲೇ ತೆರಿಗೆ ಎಂದು ಕೇಂದ್ರದ ಪರೋಕ್ಷ ತೆರಿಗೆ ಮಂಡಳಿ 2018ರ ಜೂನ್ 8ರ ಸುತ್ತೋಲೆಯಲ್ಲಿ (ಸಂಖ್ಯೆ 47/21/2018) ಹೇಳಿತ್ತು. ಗ್ಯಾರೇಜು ಸಾಲುಸಾಲಾಗಿ ಕೋಡ್ ಹಾಕಿ ಬಿಲ್ಲು ಮಾಡಿದೆಯೆಂದರೆ ಬಿಡಿಸುವ ಕೆಲಸದ ಮುಕ್ಕಾಲು ಪಾಲು ಅಲ್ಲೇ ಆಗಿದೆ. ಉಳಿಯುವುದು ಫೋಟೊದಲ್ಲಿ ಅದನ್ನು ತಪ್ಪಿಲ್ಲದೆ ಓದುವುದು, ಕೆಳಗಿನ ಡಿಸ್ಕೌಂಟನ್ನು ಸರಿಯಾಗಿ ಹಂಚುವುದು.

ಫೋಟೊದ ವಿಷಯ ಮೊದಲು. ವಾಟ್ಸ್ಆ್ಯಪ್‌ನಲ್ಲಿ ಚಿತ್ರವಾಗಿ ಕಳಿಸಿದರೆ ಅದು ಕುಗ್ಗುತ್ತದೆ. ಬಿಲ್ಲಿನ ಸಣ್ಣ ಅಕ್ಷರದಲ್ಲಿ ದಶಮಾಂಶ ಬಿಂದು ಮಾಯವಾಗುವುದು, 3 ಮತ್ತು 8 ಒಂದೇ ಥರ ಕಾಣುವುದು ಇದರಿಂದಲೇ. ಅದೇ ಫೋಟೊವನ್ನು ಡಾಕ್ಯುಮೆಂಟ್ ಆಗಿ ಕಳಿಸಲು ಡ್ರೈವರಿಗೆ ಒಮ್ಮೆ ತೋರಿಸಿಕೊಡಿ. ಬಿಲ್ಲನ್ನು ಗಾಡಿಯ ಸೀಟಿನ ಮೇಲಲ್ಲ, ಗಟ್ಟಿ ಸಮತಟ್ಟಾದ ಜಾಗದಲ್ಲಿಟ್ಟು, ಫ್ಲ್ಯಾಶ್ ಹಾಕದೆ, ನಾಲ್ಕೂ ಮೂಲೆ ಕಾಣುವಂತೆ ತೆಗೆಯಲಿ. ಎರಡನೇ ಪುಟ ಇದ್ದರೆ ಅದೂ ಬೇಕು, ಏಕೆಂದರೆ ಎಷ್ಟೋ ಬಿಲ್ಲಿನಲ್ಲಿ ಲೇಬರ್ ಸಾಲುಗಳು ಇರುವುದೇ ಎರಡನೇ ಪುಟದಲ್ಲಿ. ಬಂದ ಫೋಟೊದ ಮೇಲೆ ಗೆರೆ ಎಳೆಯುವುದು, ಕತ್ತರಿಸುವುದು ಬೇಡ. ಮೂಲ ಫೈಲನ್ನು ಹಾಗೇ ಉಳಿಸಿ, `2025-11-14_V03_1187.jpg` ಎಂಬಂತೆ ತಾರೀಖು, ಗಾಡಿಯ ಗುರುತು, ಬಿಲ್ ನಂಬರ್ ಸೇರಿಸಿ ಹೆಸರಿಡಿ. ಲೆಡ್ಜರಿನ ಸಾಲಿನಲ್ಲೂ ಅದೇ ಹೆಸರು ಇದ್ದರೆ ಯಾರು ಕೇಳಿದರೂ ಅರ್ಧ ನಿಮಿಷದಲ್ಲಿ ತೆಗೆದು ತೋರಿಸಬಹುದು.

ಆಮೇಲೆ ಬಿಲ್ಲಿನ ನೆತ್ತಿ ನೋಡಿ. ‘ಎಸ್ಟಿಮೇಟ್’, ‘ಪ್ರೊಫಾರ್ಮಾ’, ‘ಜಾಬ್ ಕಾರ್ಡ್’ ಎಂದಿದ್ದರೆ ಅದನ್ನು ಬಿಡಿಸಲು ಕೂರಬೇಡಿ. ಕೊನೆಯ ಟ್ಯಾಕ್ಸ್ ಇನ್‌ವಾಯ್ಸಿನಲ್ಲಿ ಸಾಲುಗಳು ಬದಲಾಗಿರುತ್ತವೆ. ಗ್ರಾಹಕರ ಜಾಗದಲ್ಲಿ ನಿಮ್ಮ ಸಂಸ್ಥೆಯ ಹೆಸರು ಮತ್ತು 15 ಅಕ್ಷರಗಳ ಜಿಎಸ್‌ಟಿ ನಂಬರ್ ಇದೆಯೇ ಎಂಬುದನ್ನೂ ಅಲ್ಲೇ ನೋಡಿಕೊಳ್ಳಿ. ಕೌಂಟರಿನಲ್ಲಿ ಡ್ರೈವರ್ ತನ್ನ ಹೆಸರು, ಮೊಬೈಲ್ ನಂಬರ್ ಹೇಳಿ ಬಂದರೆ ಬಿಲ್ಲು ಅವನ ಹೆಸರಿಗೇ ಆಗುತ್ತದೆ. ನೀವು ಎಷ್ಟು ಚೆನ್ನಾಗಿ ಬಿಡಿಸಿದರೂ ಆ ತೆರಿಗೆ ನಿಮಗೆ ವಾಪಸ್ಸು ಸಿಗುವುದಿಲ್ಲ.

ಈಗ ಒಂದು ಬಿಲ್ಲನ್ನು ಪೂರ್ತಿ ಬಿಡಿಸೋಣ. ಸಣ್ಣ ಗೂಡ್ಸ್ ಗಾಡಿ, ಮಾಮೂಲಿ ಸರ್ವೀಸಿನ ಜೊತೆ ಹಿಂದಿನ ಬ್ರೇಕ್ ಕೆಲಸ, ತಾರೀಖು 2025ರ ನವೆಂಬರ್. ಅಂಕಿಗಳು ಉದಾಹರಣೆಗೆಂದು ಇಟ್ಟುಕೊಂಡವು. ಬಿಲ್ಲಿನ ಮಾದರಿ ಮಾತ್ರ ನಿಮ್ಮ ಕೈಗೆ ಬರುವಂಥದ್ದೇ.

| ಸಾಲು | ಕೋಡ್ | ಪ್ರಮಾಣ × ದರ | ಮೊತ್ತ (ರೂ.) |
|---|---|---|---|
| ಎಂಜಿನ್ ಆಯಿಲ್ | 2710 | 3.5 × 380 | 1,330 |
| ಆಯಿಲ್ ಫಿಲ್ಟರ್ | 8421 | 1 × 240 | 240 |
| ಬ್ರೇಕ್ ಶೂ ಸೆಟ್ | 8708 | 1 × 1,150 | 1,150 |
| ವೀಲ್ ಸಿಲಿಂಡರ್ | 8708 | 2 × 460 | 920 |
| ಬ್ರೇಕ್ ಆಯಿಲ್ | 3819 | 0.5 × 420 | 210 |
| ಕನ್ಸ್ಯೂಮಬಲ್ಸ್ | ಇಲ್ಲ | 1 × 150 | 150 |
| ಜನರಲ್ ಸರ್ವೀಸ್ | 9987 | 1 × 900 | 900 |
| ಬ್ರೇಕ್ ಓವರ್‌ಹಾಲ್ | 9987 | 1.5 × 400 | 600 |
| ಡ್ರಮ್ ಸ್ಕಿಮ್ಮಿಂಗ್ | 9987 | 2 × 250 | 500 |
| ವಾಟರ್ ವಾಷ್ | 9987 | 1 × 200 | 200 |

ಇವುಗಳ ಕೆಳಗೆ ಬಿಲ್ಲಿನಲ್ಲೇ ಮುದ್ರಿಸಿರುವುದು ಹೀಗೆ: ಒಟ್ಟು 6,200, ಡಿಸ್ಕೌಂಟ್ 310, ತೆರಿಗೆಗೆ ಒಳಪಡುವ ಮೊತ್ತ 5,890, ಸಿಜಿಎಸ್‌ಟಿ 530.10, ಎಸ್‌ಜಿಎಸ್‌ಟಿ 530.10, ರೌಂಡ್ ಆಫ್ 0.20 ಕಡಿಮೆ, ಕೊಡಬೇಕಾದ್ದು 6,950.

ಬಿಡಿಸುವ ಮೊದಲು ಓದಿದ್ದು ಸರಿಯೇ ಎಂದು ಬಿಲ್ಲಿನ ಲೆಕ್ಕದಿಂದಲೇ ಸಾಬೀತು ಮಾಡಿಕೊಳ್ಳಬೇಕು. ಪ್ರತಿ ಸಾಲಿನಲ್ಲೂ ಪ್ರಮಾಣವನ್ನು ದರದಿಂದ ಗುಣಿಸಿದರೆ ಮೊತ್ತ ಬರಬೇಕು. ಬಿಂದು ಕಾಣದೆ 3.5 ಲೀಟರನ್ನು 35 ಎಂದು ಓದಿದ್ದರೆ 13,300 ಬರುತ್ತದೆ, ತಪ್ಪು ಅಲ್ಲೇ ಸಿಕ್ಕಿಬೀಳುತ್ತದೆ. ಆಮೇಲೆ ಎಲ್ಲ ಸಾಲು ಕೂಡಿಸಿ ಮುದ್ರಿತ ಒಟ್ಟಿಗೆ ಹೋಲಿಸಿ. ಕಾಗದದ ಮಡಿಕೆ ವೀಲ್ ಸಿಲಿಂಡರಿನ ಮೇಲೇ ಹಾದು 920 ಅಂಕಿ 960ರಂತೆ ಕಂಡಿತು ಅನ್ನಿ. ಕೂಡಿದರೆ 6,240 ಆಗುತ್ತದೆ, ಮುದ್ರಿತ ಒಟ್ಟಿಗಿಂತ 40 ಹೆಚ್ಚು. ಆಗ ನಡುವಿನ ಅಂಕಿಯನ್ನು 2ರ ಬದಲು 6 ಎಂದು ಓದಿರಬಹುದಾದ ಸಾಲನ್ನು ಹುಡುಕಿದರೆ ಸಾಕು. ವ್ಯತ್ಯಾಸ 9ರಿಂದ ಸರಿಯಾಗಿ ಭಾಗವಾಗುತ್ತಿದ್ದರೆ ಅದು ಬೇರೆ ಜಾತಿಯ ತಪ್ಪು: ಎರಡು ಅಂಕಿ ಅದಲುಬದಲಾಗಿರಬೇಕು (920 ಹೋಗಿ 290 ಆದರೆ ವ್ಯತ್ಯಾಸ 630), ಇಲ್ಲವೇ ಸೊನ್ನೆ ಒಂದು ಬಿಟ್ಟುಹೋಗಿರಬೇಕು. ಹಳೆಯ ಗುಮಾಸ್ತರ ಈ ಉಪಾಯ ಫೋಟೊ ನೋಡಿ ಟೈಪ್ ಮಾಡುವವರಿಗೂ ಅಷ್ಟೇ ಕೆಲಸಕ್ಕೆ ಬರುತ್ತದೆ.

ಲೆಕ್ಕ ಕೂಡಿದ ಮೇಲೆ ಕೋಡಿನ ಪ್ರಕಾರ ಗುಂಪು ಮಾಡಿ. ಮೊದಲ ಐದು ಸಾಲು ಪಾರ್ಟ್ಸ್, ಒಟ್ಟು 3,850. ಕೊನೆಯ ನಾಲ್ಕು ಲೇಬರ್, ಒಟ್ಟು 2,200. ಡ್ರಮ್ ಸ್ಕಿಮ್ಮಿಂಗನ್ನು ಕೆಲವು ಗ್ಯಾರೇಜಿನವರು ಲೇತ್ ಅಂಗಡಿಯಲ್ಲಿ ಮಾಡಿಸಿ ತಂದು, ಪಾರ್ಟ್ಸ್ ಪಟ್ಟಿಯ ನಡುವೆ ‘ಡ್ರಮ್ 2’ ಎಂದಷ್ಟೇ ಬರೆಯುತ್ತಾರೆ. ಡ್ರಮ್ಮೇ ಹೊಸದು ಹಾಕಿದರೇನೋ ಅನ್ನಿಸುತ್ತದೆ. ಕೋಡ್ 99ರಿಂದ ಶುರುವಾಗಿದ್ದರೆ ಹಳೆಯ ಡ್ರಮ್ಮನ್ನೇ ಉಜ್ಜಿಸಿ ಹಾಕಿದ್ದಾರೆ ಎಂದು ತಿಳಿಯಿರಿ. ಕೋಡೇ ಇಲ್ಲದ ಕಡೆ ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ: ಕೆಲಸ ಮುಗಿದ ಮೇಲೆ ಗಾಡಿಯಲ್ಲಿ ಹೊಸದಾಗಿ ಏನಾದರೂ ಉಳಿಯಿತೇ? ಆಯಿಲ್, ಕೂಲೆಂಟ್, ವೀಲ್ ಬ್ಯಾಲೆನ್ಸಿಂಗಿಗೆ ಹಚ್ಚುವ ಸೀಸದ ತೂಕ ಇವೆಲ್ಲ ಉಳಿಯುತ್ತವೆ, ಪಾರ್ಟ್ಸ್. ಅಲೈನ್‌ಮೆಂಟ್, ಸ್ಕ್ಯಾನಿಂಗ್, ವಾಷ್ ಮುಗಿದ ಮೇಲೆ ಹೊಸ ವಸ್ತು ಏನೂ ಉಳಿಯುವುದಿಲ್ಲ, ಅವು ಲೇಬರ್.

ಕನ್ಸ್ಯೂಮಬಲ್ಸ್ ಎಂಬ 150 ರೂಪಾಯಿ ಈ ಪ್ರಶ್ನೆಗೂ ಪೂರ್ತಿ ಬಗ್ಗುವುದಿಲ್ಲ. ಅದರಲ್ಲಿ ಗ್ರೀಸ್ ಇರುತ್ತದೆ, ಬ್ರೇಕ್ ಕ್ಲೀನರ್ ಇರುತ್ತದೆ, ಕೈ ಒರೆಸುವ ವೇಸ್ಟ್ ಬಟ್ಟೆಯೂ ಇರುತ್ತದೆ. ಖರ್ಚಾದದ್ದು ವಸ್ತುವೇ ಆದ್ದರಿಂದ ಆಡಿಟರಿಗೆ ಕೊಡುವಾಗ ಪಾರ್ಟ್ಸಿಗೆ ಸೇರಿಸಿ. ನಿಮ್ಮ ಹಾಳೆಯಲ್ಲಿ ಮಾತ್ರ ಅದಕ್ಕೆ ಬೇರೆ ಗುರುತು ಇಡುವುದು ಒಳ್ಳೆಯದು. ಬಿಲ್ಲಿನಿಂದ ಬಿಲ್ಲಿಗೆ ಸದ್ದಿಲ್ಲದೆ ಬೆಳೆಯುವ ಸಾಲು ಇದು, ಬೇರೆ ಇಟ್ಟರೆ ಮಾತ್ರ ಕಣ್ಣಿಗೆ ಬೀಳುತ್ತದೆ.

ಡಿಸ್ಕೌಂಟಿನಲ್ಲಿ ಹೆಚ್ಚಿನವರು ಎಡವುತ್ತಾರೆ. 310 ರೂಪಾಯಿಯನ್ನು ಪೂರ್ತಿ ಲೇಬರಿನಲ್ಲಿ ಕಳೆದರೆ ಲೇಬರ್ 1,890 ಆಗುತ್ತದೆ, ಪಾರ್ಟ್ಸ್ ಇದ್ದಷ್ಟೇ ಉಳಿಯುತ್ತದೆ. ಎಲ್ಲಕ್ಕೂ ಹಂಚಿದರೆ ಉತ್ತರ ಬೇರೆ. ಯಾವುದು ಸರಿ ಎಂದು ಬಿಲ್ಲೇ ಹೇಳುತ್ತದೆ: 310 ಎಂಬುದು 6,200ಕ್ಕೆ ಸರಿಯಾಗಿ ಶೇ 5. ಲೇಬರಿನ 2,200ಕ್ಕೆ ಹೋಲಿಸಿದರೆ ಅದು ಶೇ 14.09. ಯಾವ ಗ್ಯಾರೇಜೂ ಅಂಥ ದರದಲ್ಲಿ ರಿಯಾಯಿತಿ ಕೊಡುವುದಿಲ್ಲ. ಆದ್ದರಿಂದ ಇಲ್ಲಿ ಡಿಸ್ಕೌಂಟ್ ಇಡೀ ಬಿಲ್ಲಿಗೆ ಕೊಟ್ಟದ್ದು. ಅದೇ 220 ಎಂದಿದ್ದರೆ ಲೇಬರಿನ ಮೇಲೆ ಶೇ 10 ಬಿಟ್ಟಿದ್ದಾರೆ ಎಂದು ಊಹಿಸಿ, ಒಂದು ಫೋನ್ ಮಾಡಿ ಖಚಿತ ಮಾಡಿಕೊಳ್ಳಬೇಕಿತ್ತು. ಸಾಲುಸಾಲಿಗೂ ಡಿಸ್ಕೌಂಟ್ ಕಾಲಮ್ ಇರುವ ಬಿಲ್ಲಾದರೆ ಹಂಚುವ ಗೋಜೇ ಇಲ್ಲ, ಮುದ್ರಿಸಿದ್ದನ್ನೇ ತೆಗೆದುಕೊಳ್ಳಿ.

ಶೇ 5ರಂತೆ ಹಂಚಿದರೆ ಪಾರ್ಟ್ಸಿನಿಂದ 192.50, ಕನ್ಸ್ಯೂಮಬಲ್ಸಿನಿಂದ 7.50, ಲೇಬರಿನಿಂದ 110 ಹೋಗುತ್ತದೆ. ಉಳಿಯುವುದು 3,657.50, 142.50 ಮತ್ತು 2,090. ಕೂಡಿದರೆ ಬಿಲ್ಲಿನ 5,890ಕ್ಕೆ ಸರಿಹೊಂದುತ್ತದೆ. ಇದರ ಮೇಲೆ ಶೇ 18ರ ತೆರಿಗೆ ಕ್ರಮವಾಗಿ 658.35, 25.65, 376.20; ಒಟ್ಟು 1,060.20, ಅಂದರೆ ಎರಡು ಕಡೆಯ 530.10.

ನಿಮ್ಮವು ಸ್ವಂತ ಮಾಲು ಸಾಗಿಸುವ ಗೂಡ್ಸ್ ಗಾಡಿಗಳು. ಉಳಿದ ಷರತ್ತುಗಳು ಸರಿಯಿದ್ದರೆ ಈ ತೆರಿಗೆಯ ಇನ್‌ಪುಟ್ ಕ್ರೆಡಿಟ್ ನಿಮಗಿದೆ, ಹಾಗಾಗಿ ಖರ್ಚಿಗೆ ಬರೆಯಬೇಕಾದ್ದು ತೆರಿಗೆ ಬಿಟ್ಟ ಮೊತ್ತ. ಲೆಕ್ಕದ ಪುಸ್ತಕದಲ್ಲಿ ‘ವಾಹನ ರಿಪೇರಿ, ಪಾರ್ಟ್ಸ್’ ಖಾತೆಗೆ 3,800 ಖರ್ಚು (ಕನ್ಸ್ಯೂಮಬಲ್ಸ್ ಸೇರಿ), ‘ವಾಹನ ರಿಪೇರಿ, ಲೇಬರ್’ ಖಾತೆಗೆ 2,090 ಖರ್ಚು, ಇನ್‌ಪುಟ್ ಸಿಜಿಎಸ್‌ಟಿ ಮತ್ತು ಎಸ್‌ಜಿಎಸ್‌ಟಿಗೆ ತಲಾ 530.10, ರೌಂಡ್ ಆಫ್ ಖಾತೆಗೆ 0.20 ಜಮಾ, ಗ್ಯಾರೇಜಿನ ಖಾತೆಗೆ 6,950 ಜಮಾ. ಆ 20 ಪೈಸೆಯನ್ನು ಪಾರ್ಟ್ಸಿಗೋ ಲೇಬರಿಗೋ ತುರುಕಿದರೆ ತೆರಿಗೆ ಮೊತ್ತಕ್ಕೂ ಖರ್ಚಿಗೂ ತಾಳೆ ತಪ್ಪುತ್ತದೆ. ಮಾಲೀಕರು ಓಡಾಡುವ ಕಾರಿನ ಬಿಲ್ಲೂ ಇದೇ ಕಂತೆಯಲ್ಲಿ ಬಂದರೆ ಜಾಗ್ರತೆ: ಡ್ರೈವರ್ ಸೇರಿ 13 ಸೀಟಿನೊಳಗಿನ ಪ್ರಯಾಣಿಕರ ವಾಹನದ ಸರ್ವೀಸ್, ರಿಪೇರಿಗೆ ಸಾಮಾನ್ಯವಾಗಿ ಕ್ರೆಡಿಟ್ ಇಲ್ಲ. ಅಲ್ಲಿ ತೆರಿಗೆಯೂ ಆಯಾ ಗುಂಪಿನ ಖರ್ಚಿಗೇ ಸೇರುತ್ತದೆ. ಸಾಲುಸಾಲಿಗೆ ತೆರಿಗೆ ಬಿಡಿಸಿಟ್ಟಿದ್ದರೆ ಆಗ ಕಷ್ಟವಾಗುವುದಿಲ್ಲ.

ಎಂಆರ್‌ಪಿ ಕಾಲಮ್ ಇನ್ನೊಂದು ಹೊಂಡ. ಕೆಲವು ಬಿಲ್ಲುಗಳಲ್ಲಿ ಪಾರ್ಟ್ಸಿನ ಪಕ್ಕ ಎರಡು ಬೆಲೆ ಇರುತ್ತವೆ. ಮೇಲಿನ ಬ್ರೇಕ್ ಶೂ ಸೆಟ್ಟಿಗೆ ಎಂಆರ್‌ಪಿ 1,357, ತೆರಿಗೆ ಬಿಟ್ಟ ಬೆಲೆ 1,150 ಎಂದಿರಬಹುದು. ಎಂಆರ್‌ಪಿಯಲ್ಲಿ ತೆರಿಗೆ ಸೇರಿಯೇ ಇರುತ್ತದೆ, 1,357ನ್ನು 1.18ರಿಂದ ಭಾಗಿಸಿದರೆ 1,150 ಸಿಗುತ್ತದೆ. ಫೋಟೊದ ಬಲತುದಿ ಕತ್ತರಿಸಿ ಹೋಗಿದ್ದರೆ ಕಣ್ಣಿಗೆ ಬೀಳುವುದು ಎಂಆರ್‌ಪಿ ಒಂದೇ. ಅದನ್ನೇ ಬರೆದು ಮೇಲೆ ಮತ್ತೆ ತೆರಿಗೆ ಹಾಕಿದರೆ ಒಂದೇ ಸಾಲಿನಲ್ಲಿ 1,601.26 ಆಗುತ್ತದೆ. ಲೇಬರಿಗೆ ಎಂಆರ್‌ಪಿ ಇಲ್ಲವಾದ್ದರಿಂದ ತಪ್ಪೆಲ್ಲ ಪಾರ್ಟ್ಸಿನ ಕಡೆಗೇ ಸೇರುತ್ತದೆ. ಪಾರ್ಟ್ಸ್ ಒಟ್ಟು ಸುಮಾರು ಶೇ 18ರಷ್ಟು ಹೆಚ್ಚು ಬಂದು ಲೇಬರ್ ಮಾತ್ರ ಸರಿಯಾಗಿದ್ದರೆ ಮೊದಲು ಇದನ್ನೇ ಅನುಮಾನಿಸಿ.

ಇಷ್ಟನ್ನೂ ಪ್ರತಿ ಸಲ ಕೈಯಲ್ಲಿ ಮಾಡಬೇಕಿಲ್ಲ, ಒಂದು ಸ್ಪ್ರೆಡ್‌ಶೀಟ್ ಸಾಕು. ಎ ಕಾಲಮ್ಮಿನಲ್ಲಿ ಸಾಲಿನ ಹೆಸರು, ಬಿಯಲ್ಲಿ ಕೋಡ್, ಸಿಯಲ್ಲಿ ಪ್ರಮಾಣ, ಡಿಯಲ್ಲಿ ದರ, ಇಯಲ್ಲಿ ಮುದ್ರಿತ ಮೊತ್ತ ಇಡಿ. ಮೇಲಿನ ಹತ್ತು ಸಾಲು 2ರಿಂದ 11ನೇ ಸಾಲಿನವರೆಗೆ ಬರುತ್ತವೆ. `E12`ರಲ್ಲಿ ಅವುಗಳ ಮೊತ್ತ, `E13`ರಲ್ಲಿ ಬಿಲ್ಲಿನ ಡಿಸ್ಕೌಂಟ್. ಮುಂದಿನ ನಾಲ್ಕು ಸೂತ್ರಗಳನ್ನು `F2`, `G2`, `H2`, `I2`ಗಳಲ್ಲಿ ಹಾಕಿ ಕೆಳಗೆ ಎಳೆಯಿರಿ:

```
=IF(B2="","?",IF(LEFT(B2,2)="99","L","P"))
=ROUND(E2*$E$13/$E$12,2)
=E2-G2
=ROUND(C2*D2-E2,2)
```

ಮೊದಲನೆಯದು ಗುಂಪು ಹೇಳುತ್ತದೆ, ಎರಡನೆಯದು ಡಿಸ್ಕೌಂಟಿನ ಪಾಲು, ಮೂರನೆಯದು ಉಳಿದ ಮೊತ್ತ, ನಾಲ್ಕನೆಯದು ಓದಿದ್ದರ ಪರೀಕ್ಷೆ. ಅದು ಸೊನ್ನೆ ಬರದ ಸಾಲನ್ನು ಮತ್ತೆ ಫೋಟೊದಲ್ಲಿ ನೋಡಿ. ಕೋಡ್ ಇಲ್ಲದ ಸಾಲಿನಲ್ಲಿ ಬಿ ಕಾಲಮ್ ಖಾಲಿ ಬಿಟ್ಟರೆ `?` ಬರುತ್ತದೆ, ಅದನ್ನು ಅಳಿಸಿ ನೀವೇ `P`, `L` ಅಥವಾ ಕನ್ಸ್ಯೂಮಬಲ್ಸಿಗೆ `C` ಬರೆಯಬೇಕು. ಲೇಬರಿನ ಒಟ್ಟಿಗೆ:

```
=SUMIF(F2:F11,"L",H2:H11)
```

ಡಿಸ್ಕೌಂಟ್ ಸರಿಯಾಗಿ ಭಾಗವಾಗದ ಬಿಲ್ಲಿನಲ್ಲಿ ಜಿ ಕಾಲಮ್ಮಿನ ಮೊತ್ತ ಒಂದೆರಡು ಪೈಸೆ ಹೆಚ್ಚುಕಡಿಮೆ ಆಗಬಹುದು. ಆ ಪೈಸೆಯನ್ನು ಅತಿ ದೊಡ್ಡ ಸಾಲಿನಲ್ಲಿ ಸರಿಪಡಿಸಿ.

ಸೂತ್ರಕ್ಕೆ ಸಿಗದ ಸಾಲುಗಳೂ ಇವೆ. ‘ಬ್ರೇಕ್ ಶೂ ರೀಲೈನಿಂಗ್ 800’ ಎಂದರೆ ಅದರೊಳಗೆ ಹೊಸ ಲೈನಿಂಗೂ ಇದೆ, ರಿವೆಟ್ ಹೊಡೆದ ಕೂಲಿಯೂ ಇದೆ. ‘ಕ್ಲಚ್ ಪ್ಯಾಕೇಜ್’, ‘ಎಸಿ ಗ್ಯಾಸ್ ಫಿಲ್ಲಿಂಗ್’ ಕೂಡ ಹೀಗೇ. ಇಂಥ ಕಡೆ ಅರ್ಧರ್ಧ ಎಂದೋ 60:40 ಎಂದೋ ಸ್ವಂತ ಅಂದಾಜು ಹಾಕಬೇಡಿ, ಆ ಅಂಕಿಗೆ ನಿಮ್ಮಲ್ಲಿ ಆಧಾರವೇ ಇರುವುದಿಲ್ಲ. ಬಿಲ್ಲು ಯಾವ ಕೋಡ್ ಹಾಕಿದೆಯೋ ಆ ಗುಂಪಿಗೆ ಪೂರ್ತಿ ಸೇರಿಸಿ, ಪಕ್ಕದಲ್ಲಿ ‘ಸೇರಿಕೆ ಸಾಲು’ ಎಂದು ಟಿಪ್ಪಣಿ ಬರೆಯಿರಿ. ಪೇಂಟಿಂಗಿಗೆ ಮಾತ್ರ ಒಂದು ಶೇಕಡಾವಾರು ಬಳಕೆಯಲ್ಲಿದೆ: ಅಪಘಾತದ ಕ್ಲೇಮಿನಲ್ಲಿ ಪೇಂಟಿಂಗ್ ಬಿಲ್ಲು ಒಟ್ಟಾಗಿದ್ದರೆ, ಸವಕಳಿ ಕಳೆಯುವ ಸಲುವಾಗಿ ಅದರ ಶೇ 25 ಭಾಗವನ್ನು ವಸ್ತು ಎಂದು ಲೆಕ್ಕ ಹಿಡಿಯುತ್ತಾರೆ. ಅದು ವಿಮೆಯ ಲೆಕ್ಕಕ್ಕಷ್ಟೇ. ಅದನ್ನು ಎತ್ತಿ ನಿಮ್ಮ ಲೆಡ್ಜರಿನ ಬೇರೆ ಸಾಲುಗಳಿಗೆ ಅಂಟಿಸಬೇಡಿ.

ವಾರಂಟಿಯಲ್ಲಿ ಬಿಟ್ಟಿ ಹಾಕಿಕೊಟ್ಟ ಪಾರ್ಟು ಸೊನ್ನೆ ರೂಪಾಯಿಯಲ್ಲಿ ಮುದ್ರಣವಾಗಿರುತ್ತದೆ. ಮೊತ್ತ ಸೊನ್ನೆಯೇ ಇರಲಿ, ಸಾಲನ್ನು ಮಾತ್ರ ಬಿಡಬೇಡಿ. ಆ ಪಾರ್ಟು ಯಾವಾಗ ಬದಲಾಯಿತು ಎಂಬುದಕ್ಕೆ ಅದೇ ದಾಖಲೆ. ಹಳೆ ಬ್ಯಾಟರಿ ಕೊಟ್ಟು ಹೊಸದು ತಂದಾಗ ‘ಹಳೆಯದಕ್ಕೆ ಕಡಿತ’ ಎಂಬ ಮೈನಸ್ ಸಾಲು ಬರುತ್ತದೆ. ಅದನ್ನು ಡಿಸ್ಕೌಂಟ್ ಎಂದುಕೊಂಡು ಎಲ್ಲ ಸಾಲಿಗೂ ಹಂಚಿದರೆ ಲೇಬರ್ ಸುಮ್ಮನೆ ಇಳಿಯುತ್ತದೆ. ಅದು ಹಳೆಯ ಬ್ಯಾಟರಿಗೆ ಬಂದ ದುಡ್ಡು, ಬೇರೆಯಾಗಿ ಬರೆಯಿರಿ.

ಉಳಿದದ್ದು ರಸ್ತೆಬದಿಯ ಗ್ಯಾರೇಜಿನ ಕೈಬರಹದ ಚೀಟಿ: ‘ಬ್ರೇಕ್ ಕೆಲಸ 4,500’, ಕೋಡೂ ಇಲ್ಲ, ಜಿಎಸ್‌ಟಿಯೂ ಇಲ್ಲ. ಎಷ್ಟು ಹೊತ್ತು ದಿಟ್ಟಿಸಿದರೂ ಈ ಫೋಟೊದಿಂದ ಪಾರ್ಟ್ಸ್, ಲೇಬರ್ ಹೊರಬರುವುದಿಲ್ಲ. ಅವತ್ತೇ ಮೇಸ್ತ್ರಿಗೆ ಫೋನ್ ಮಾಡಿ, ಯಾವ ಪಾರ್ಟ್ಸ್ ಹಾಕಿದರು, ಅಂಗಡಿಗೆ ಎಷ್ಟು ಕೊಟ್ಟರು, ಕೂಲಿ ಎಷ್ಟು ಎಂದು ಕೇಳಿ, ಅದೇ ಚೀಟಿಯ ಹಿಂದೆ ಬರೆಸಿ ಸಹಿ ಹಾಕಿಸಿ ಇನ್ನೊಂದು ಫೋಟೊ ಕಳಿಸಲು ಡ್ರೈವರಿಗೆ ಹೇಳಿ. ಪಾರ್ಟ್ಸ್ ಅಂಗಡಿಯ ಬಿಲ್ಲು ಸಿಕ್ಕರೆ ಇನ್ನೂ ಚೆನ್ನ. ಅದು ಬರುವವರೆಗೆ ಮೊತ್ತವನ್ನು ‘ವಾಹನ ರಿಪೇರಿ, ವಿಂಗಡಿಸದ್ದು’ ಎಂಬ ಮೂರನೇ ಖಾತೆಯಲ್ಲಿ ಇಟ್ಟಿರಿ, ತಿಂಗಳ ಕೊನೆಗೆ ಆ ಖಾತೆಯಲ್ಲಿ ಉಳಿದ ಬಾಕಿಯನ್ನು ಪಟ್ಟಿ ಸಮೇತ ಆಡಿಟರಿಗೆ ಕೊಡಿ.